ಆಸ್ಪತ್ರೆಯ ಕಡತ ಯಾರಿಗೆ ಎಷ್ಟು ಕಾಣಬೇಕು? ‘ಇಲ್ಲ’ ಎಂಬ ಉತ್ತರದ ಪರೀಕ್ಷೆ

ಆಸ್ಪತ್ರೆಯ ಕಂಪ್ಯೂಟರಿನಲ್ಲಿರುವ ರೋಗಿಯ ಕಡತವನ್ನು ಹತ್ತಾರು ಜನ ತೆರೆಯುತ್ತಾರೆ. ರಿಸೆಪ್ಷನ್‌ನವರಿಗೆ ವಿಳಾಸ ಬೇಕು, ನರ್ಸಿಗೆ ಕೇಸ್ ಶೀಟ್ ಬೇಕು, ಲ್ಯಾಬಿಗೆ ಟೆಸ್ಟಿನ ಚೀಟಿ ಬೇಕು, ಬಿಲ್ಲಿಂಗ್ ಕೌಂಟರಿಗೆ ಲೆಕ್ಕ ಬೇಕು. ಎಲ್ಲರಿಗೂ ಎಲ್ಲವೂ ಬೇಡ. ಒಬ್ಬೊಬ್ಬ ನೌಕರನಿಗೂ ಬೇರೆಬೇರೆಯಾಗಿ ಅನುಮತಿ ಕೊಡುತ್ತಾ ಹೋದರೆ ಯಾರಿಗೆ ಏನು ಕೊಟ್ಟಿದೆ ಎಂಬುದೇ ಸ್ವಲ್ಪ ದಿನಕ್ಕೆ ಮರೆತುಹೋಗುತ್ತದೆ. ಆದ್ದರಿಂದ ಅನುಮತಿಯನ್ನು ವ್ಯಕ್ತಿಗೆ ಕೊಡದೆ ಅವರು ಮಾಡುವ ಕೆಲಸಕ್ಕೆ, ಅಂದರೆ ‘ರೋಲ್’ಗೆ ಕೊಡುವ ಪದ್ಧತಿ ಬಂತು. ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್‌ನಲ್ಲಿದ್ದ ಡೇವಿಡ್ ಫೆರಾಯೋಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ಇದಕ್ಕೊಂದು ವ್ಯವಸ್ಥಿತ ರೂಪ ಕೊಟ್ಟರು. 2004ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಮಾನದಂಡವಾಯಿತು. ಹೊಸ ನರ್ಸ್ ಕೆಲಸಕ್ಕೆ ಸೇರಿದರೆ ಅವರ ಲಾಗಿನ್ನಿಗೆ ‘ಸ್ಟಾಫ್ ನರ್ಸ್’ ರೋಲ್ ಹಚ್ಚಿದರಾಯಿತು. ಕೆಲಸ ಬಿಟ್ಟಾಗ ಅದನ್ನು ತೆಗೆದರಾಯಿತು.

ಕೇಳುವುದಕ್ಕೆ ಇಷ್ಟು ಸರಳವಾದ ಈ ಪದ್ಧತಿ ನಿಜಕ್ಕೂ ಹಾಗೇ ನಡೆಯುತ್ತಿದೆಯೇ ಎಂದು ತಿಳಿಯಬೇಕಾದರೆ ಪರೀಕ್ಷೆ ಮಾಡಬೇಕು. ಆ ಪರೀಕ್ಷೆಯ ಮುಖ್ಯ ಸಾಧನ ಅನುಮತಿ ಕೋಷ್ಟಕ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದನ್ನು ಪರ್ಮಿಷನ್ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಎಡಕ್ಕೆ ದಾಖಲೆಗಳು, ಮೇಲೆ ರೋಲ್‌ಗಳು, ಅವು ಸೇರುವ ಮನೆಯಲ್ಲಿ ಏನು ಮಾಡಬಹುದು ಎಂಬ ಉತ್ತರ. ಸಣ್ಣದೊಂದು ಆಸ್ಪತ್ರೆಯನ್ನು ಕಲ್ಪಿಸಿಕೊಂಡು, ನೋಡುವುದು ಮತ್ತು ಬರೆಯುವುದು ಎಂಬ ಎರಡೇ ಕ್ರಿಯೆಗಳನ್ನು ಇಟ್ಟುಕೊಂಡರೆ ಕೋಷ್ಟಕ ಹೀಗಿರಬಹುದು:

| ದಾಖಲೆ | ರಿಸೆಪ್ಷನ್ | ಸ್ಟಾಫ್ ನರ್ಸ್ | ಡಾಕ್ಟರ್ | ಲ್ಯಾಬ್ ಟೆಕ್ನಿಷಿಯನ್ | ಬಿಲ್ಲಿಂಗ್ |
|---|---|---|---|---|---|
| ವಿಳಾಸ, ಫೋನ್ | ನೋಡು, ಬರೆ | ನೋಡು (ತನ್ನ ವಾರ್ಡ್) | ನೋಡು | ಇಲ್ಲ | ನೋಡು |
| ಕೇಸ್ ಶೀಟ್ | ಇಲ್ಲ | ನೋಡು, ಬರೆ (ತನ್ನ ವಾರ್ಡ್) | ನೋಡು, ಬರೆ (ತನ್ನ ರೋಗಿ) | ಇಲ್ಲ | ಇಲ್ಲ |
| ಲ್ಯಾಬ್ ವರದಿ | ಇಲ್ಲ | ನೋಡು (ತನ್ನ ವಾರ್ಡ್) | ನೋಡು (ತನ್ನ ರೋಗಿ) | ನೋಡು, ಬರೆ | ಇಲ್ಲ |
| ಎಚ್‌ಐವಿ ವರದಿ | ಇಲ್ಲ | ಇಲ್ಲ | ನೋಡು (ತನ್ನ ರೋಗಿ) | ನೋಡು, ಬರೆ | ಇಲ್ಲ |
| ಬಿಲ್ | ನೋಡು | ಇಲ್ಲ | ಇಲ್ಲ | ಇಲ್ಲ | ನೋಡು, ಬರೆ |

ಐದು ರೋಲ್, ಐದು ದಾಖಲೆ, ಎರಡು ಕ್ರಿಯೆ ಎಂದರೆ ಒಟ್ಟು 50 ಪ್ರಶ್ನೆಗಳು. ಎಣಿಸಿದರೆ ‘ಹೌದು’ ಎಂಬ ಉತ್ತರ 19ಕ್ಕೆ ಮಾತ್ರ, ಉಳಿದ 31ಕ್ಕೂ ‘ಇಲ್ಲ’. ನಿಜವಾದ ಆಸ್ಪತ್ರೆಯಲ್ಲಿ ರೋಲ್‌ಗಳೂ ದಾಖಲೆಗಳೂ ಇದರ ಹಲವು ಪಟ್ಟು ಇರುತ್ತವೆ, ಅಳಿಸು, ಮುದ್ರಿಸು, ದೃಢೀಕರಿಸು ಎಂಬ ಕ್ರಿಯೆಗಳೂ ಸೇರುತ್ತವೆ. ಅಲ್ಲಿಯೂ ‘ಇಲ್ಲ’ಗಳದ್ದೇ ಮೇಲುಗೈ. ಸಾಮಾನ್ಯ ತಪಾಸಣೆಯಲ್ಲಿ ಕಡೆಗಣನೆಗೆ ಒಳಗಾಗುವುದೂ ಇವೇ. ಡಾಕ್ಟರಿಗೆ ಕೇಸ್ ಶೀಟ್ ತೆರೆಯದಿದ್ದರೆ ಅರ್ಧ ಗಂಟೆಯೊಳಗೆ ಫೋನ್ ಬರುತ್ತದೆ. ಬಿಲ್ಲಿಂಗ್ ಗುಮಾಸ್ತರಿಗೆ ಕೇಸ್ ಶೀಟ್ ತೆರೆದುಕೊಂಡರೆ ಯಾರೂ ದೂರು ಕೊಡುವುದಿಲ್ಲ. ‘ಹೌದು’ ತಪ್ಪಿದರೆ ಬಳಸುವವರೇ ಹೇಳುತ್ತಾರೆ. ‘ಇಲ್ಲ’ ತಪ್ಪಿದ್ದನ್ನು ಹುಡುಕಿ ಹಿಡಿಯಬೇಕು.

ಕೋಷ್ಟಕ ತುಂಬುವುದು ಪ್ರೋಗ್ರಾಮರ್ ಕೆಲಸವಲ್ಲ, ಪರೀಕ್ಷಕರ ಕೆಲಸವೂ ಅಲ್ಲ. ವೈದ್ಯಕೀಯ ಅಧೀಕ್ಷಕರು, ನರ್ಸಿಂಗ್ ಮುಖ್ಯಸ್ಥರು, ಲ್ಯಾಬ್ ಮತ್ತು ದಾಖಲೆ ವಿಭಾಗದವರು ಕೂತು ತೀರ್ಮಾನಿಸಬೇಕು. ಸಭೆಯಲ್ಲಿ ಹೆಚ್ಚು ವಾದ ಎಬ್ಬಿಸುವ ಮನೆ ಎಚ್‌ಐವಿ ವರದಿಯ ಎದುರಿನ ನರ್ಸಿನದು. ಭಾರತದಲ್ಲಿ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹುವಂತಿಲ್ಲ. ಚಿಕಿತ್ಸೆಯಲ್ಲಿ ತೊಡಗಿರುವ ಸಿಬ್ಬಂದಿಗೆ, ಆರೈಕೆಗೆ ಅಗತ್ಯವಾದಾಗ ತಿಳಿಸುವುದಕ್ಕೆ ಅವಕಾಶವಿದೆ. ಸೂಜಿ ಹಿಡಿಯುವ ನರ್ಸಿಗೆ ಗೊತ್ತಿರಬೇಡವೇ ಎಂದು ಕೆಲವರು ಕೇಳುತ್ತಾರೆ. ಗ್ಲೌಸ್, ಸೂಜಿ ವಿಲೇವಾರಿಯಂಥ ಎಚ್ಚರಿಕೆ ಪ್ರತಿ ರೋಗಿಗೂ ಒಂದೇ ಆಗಿರಬೇಕಾದ್ದರಿಂದ ಗೊತ್ತಿರಬೇಕಾದ್ದಿಲ್ಲ ಎಂಬುದು ಇನ್ನೊಂದು ಕಡೆಯ ವಾದ. ಮೇಲಿನ ಕೋಷ್ಟಕ ಎರಡನೆಯ ವಾದವನ್ನು ಒಪ್ಪಿಕೊಂಡಿದೆ. ಬೇರೆ ಆಸ್ಪತ್ರೆ ಬೇರೆ ರೀತಿ ತೀರ್ಮಾನಿಸಬಹುದು. ಮನೆ ಖಾಲಿ ಬಿಡುವುದು ಮಾತ್ರ ಆಗದು. ಉತ್ತರ ಇಲ್ಲದ ಮನೆಗೆ ಪರೀಕ್ಷೆಯೂ ಇಲ್ಲ. ಕೊನೆಗೆ ಅದನ್ನು ಪ್ರೋಗ್ರಾಮರ್ ತನಗೆ ತೋಚಿದಂತೆ ತುಂಬಿರುತ್ತಾನೆ.

ಕೋಷ್ಟಕ ಸಿದ್ಧವಾದ ಮೇಲೆ ಪ್ರತಿ ಮನೆಯೂ ಒಂದೊಂದು ಪರೀಕ್ಷೆಯಾಗುತ್ತದೆ. ಇದಕ್ಕೆ ಪ್ರತ್ಯೇಕ ಪರೀಕ್ಷಾ ಸರ್ವರ್, ಕಾಲ್ಪನಿಕ ರೋಗಿಗಳು, ಪ್ರತಿ ರೋಲ್‌ಗೆ ಒಂದು ಲಾಗಿನ್ ಬೇಕು. ಆ ಲಾಗಿನ್ನಿಗೆ ಅದೊಂದೇ ರೋಲ್ ಇರಬೇಕು. ಪರೀಕ್ಷಕರು ಅನುಕೂಲಕ್ಕೆಂದು ಅಡ್ಮಿನ್ ರೋಲನ್ನೂ ಹಚ್ಚಿಕೊಂಡಿದ್ದರೆ ಎಲ್ಲವೂ ತೆರೆದುಕೊಳ್ಳುತ್ತದೆ, ಪರೀಕ್ಷೆ ನಿರರ್ಥಕವಾಗುತ್ತದೆ.

ಪರೀಕ್ಷೆಯನ್ನು ಪರದೆಯ ಮೇಲೆ ಮಾಡಿದರೆ ಸಾಲದು. ಬಿಲ್ಲಿಂಗ್ ಗುಮಾಸ್ತರು ಲಾಗಿನ್ ಆದಾಗ ‘ಲ್ಯಾಬ್ ವರದಿ’ ಎಂಬ ಗುಂಡಿಯೇ ಕಾಣದಿದ್ದರೆ ಕೆಲಸ ಮುಗಿಯಿತು ಎಂದು ತೋರಬಹುದು. ಆದರೆ ಗುಂಡಿ ಒತ್ತಿದಾಗ ಆಗುವುದು ಇಷ್ಟು: ಪರದೆ ಸರ್ವರಿಗೆ ಒಂದು ಕೋರಿಕೆ ಕಳಿಸುತ್ತದೆ, ಸರ್ವರ್ ವರದಿ ಕಳಿಸುತ್ತದೆ. ಸರ್ವರ್ ತಾನೇ ಅನುಮತಿ ನೋಡದಿದ್ದರೆ, ಗುಂಡಿ ಮರೆಸುವುದು ಬೋರ್ಡು ಕಿತ್ತುಹಾಕಿ ಬಾಗಿಲು ತೆರೆದಿಟ್ಟಂತೆ. ಬ್ರೌಸರಿನ ವಿಳಾಸಪಟ್ಟಿಯಲ್ಲಿ ವರದಿಯ ನಂಬರ್ ಬದಲಾಯಿಸಿದರೆ ಸಾಕು, ಬೇರೊಬ್ಬರ ವರದಿ ಬರುತ್ತದೆ. ವೆಬ್ ಸುರಕ್ಷತೆಯ ಲೋಪಗಳನ್ನು ಪಟ್ಟಿ ಮಾಡುವ ಓವಾಸ್ಪ್ ಸಂಸ್ಥೆ 2021ರ ಪಟ್ಟಿಯಲ್ಲಿ ಪ್ರವೇಶ ನಿಯಂತ್ರಣದ ಲೋಪಕ್ಕೇ ಮೊದಲ ಸ್ಥಾನ ಕೊಟ್ಟಿತು. ಅದಕ್ಕೇ ಕೋರಿಕೆಯನ್ನು ನೇರವಾಗಿ ಸರ್ವರಿಗೆ ಕಳಿಸಿ ನೋಡುತ್ತಾರೆ:

```
GET /api/lab-results/88
Authorization: Bearer <billing01>

403 Forbidden
```

ಬಿಲ್ಲಿಂಗ್ ಗುಮಾಸ್ತರ ಲಾಗಿನ್ 88ನೇ ಲ್ಯಾಬ್ ವರದಿ ಕೇಳಿತು, ಸರ್ವರ್ 403 ಎಂದಿತು. ಯಾರು ಎಂಬುದು ಗೊತ್ತಿದೆ, ಆದರೆ ಅವರಿಗೆ ಅನುಮತಿ ಇಲ್ಲ ಎಂಬುದು ಈ ಸಂಖ್ಯೆಯ ಅರ್ಥ. ಕೋಷ್ಟಕದ ಆ ಮನೆಯಲ್ಲಿ ‘ಇಲ್ಲ’ ಎಂದಿದೆ, ಪರೀಕ್ಷೆ ಪಾಸಾಯಿತು. ಅನುಭವಿ ಪರೀಕ್ಷಕರು ಇಷ್ಟಕ್ಕೇ ಒಪ್ಪಿಕೊಳ್ಳುವುದಿಲ್ಲ. ಬೇಡದ ಕಾರಣಕ್ಕೂ ‘ಇಲ್ಲ’ ಬಂದಿರಬಹುದು.

ಲಾಗಿನ್ನಿನ ಅವಧಿ ಮುಗಿದಿದ್ದರೆ ಸರ್ವರ್ 401 ಎನ್ನುತ್ತದೆ, ‘ನೀನ್ಯಾರೋ ಗೊತ್ತಿಲ್ಲ’ ಎಂದಂತೆ. 88ನೇ ವರದಿಯೇ ಇಲ್ಲದಿದ್ದರೆ ಡಾಕ್ಟರ್ ಕೇಳಿದರೂ 404 ಬರುತ್ತದೆ. ಪ್ರೋಗ್ರಾಂ ಕೆಟ್ಟು ನಿಂತಿದ್ದರೆ 500. ಈ ಮೂರರಲ್ಲೂ ಗುಮಾಸ್ತರಿಗೆ ವರದಿ ಸಿಗಲಿಲ್ಲ ಎಂಬುದು ನಿಜ, ಆದರೆ ಅನುಮತಿಯ ತಡೆ ಕೆಲಸ ಮಾಡಿತೋ ಇಲ್ಲವೋ ತಿಳಿಯುವುದಿಲ್ಲ. ‘200 ಬರದಿದ್ದರೆ ಪಾಸ್’ ಎಂದು ಬರೆದ ಪರೀಕ್ಷೆ, ಸರ್ವರ್ ಪೂರ್ತಿ ನಿಂತುಹೋದ ದಿನವೂ 31ಕ್ಕೆ 31 ಪಾಸ್ ಎಂದು ಹಸಿರು ದೀಪ ತೋರಿಸುತ್ತದೆ.

ಇದಕ್ಕೆ ಪರಿಹಾರ ಪ್ರತಿ ‘ಇಲ್ಲ’ದ ಮುಂದೆ ಎರಡು ‘ಹೌದು’ಗಳನ್ನು ಇಡುವುದು. ಮೊದಲು ಆ ರೋಗಿಯನ್ನು ನೋಡುತ್ತಿರುವ ಡಾಕ್ಟರ ಲಾಗಿನ್ನಿಂದ 88ನೇ ವರದಿ ಕೇಳಿ, 200 ಬಂದು ವರದಿ ತೆರೆದರೆ ವರದಿ ಇದೆ ಎಂದಾಯಿತು. ಆಮೇಲೆ ಬಿಲ್ಲಿಂಗ್ ಲಾಗಿನ್ನಿಂದ ಒಂದು ಬಿಲ್ ಕೇಳಿ, ಅದು ಬಂದರೆ ಲಾಗಿನ್ ಜೀವಂತವಾಗಿದೆ ಎಂದಾಯಿತು. ಆ ಮೇಲೆಯೇ ಬಿಲ್ಲಿಂಗ್ ಲಾಗಿನ್ನಿಂದ 88ನೇ ವರದಿ ಕೇಳಬೇಕು. ಈಗ ಬರುವ 403ಕ್ಕೆ ಬೇರೆ ಕಾರಣ ಉಳಿದಿಲ್ಲ.

ಬರೆಯುವ ಕ್ರಿಯೆಯಾದರೆ ಇನ್ನೂ ಒಂದು ಹೆಜ್ಜೆ ಇದೆ. 88ನೇ ವರದಿಯಲ್ಲಿ ಹಿಮೋಗ್ಲೋಬಿನ್ 11.2 ಇದೆ ಎನ್ನೋಣ. ಬಿಲ್ಲಿಂಗ್ ಲಾಗಿನ್ ಅದನ್ನು 14 ಎಂದು ತಿದ್ದಲು ಹೋಗಿ 403 ಪಡೆಯಿತು. ಆಮೇಲೆ ಡಾಕ್ಟರ ಲಾಗಿನ್ನಿಂದ ಮತ್ತೆ ವರದಿ ತೆರೆದು 11.2 ಹಾಗೇ ಇದೆಯೇ ನೋಡಬೇಕು. ಮೊದಲು ಉಳಿಸಿ, ನಂತರ ಅನುಮತಿ ನೋಡಿ, ‘ನಿಮಗೆ ಅಧಿಕಾರವಿಲ್ಲ’ ಎಂದು ಹೇಳುವ ಪ್ರೋಗ್ರಾಂಗಳೂ ಇವೆ. ಪರದೆಯ ಮೇಲೆ ಬೈಗುಳ, ಕಡತದಲ್ಲಿ 14.

ಎಚ್‌ಐವಿ ವರದಿಯ ವಿಷಯದಲ್ಲಿ 403 ಕೂಡ ಅತಿಯಾಯಿತು. ‘ಈ ವರದಿ ನೋಡಲು ನಿಮಗೆ ಅನುಮತಿ ಇಲ್ಲ’ ಎಂದರೆ ವರದಿ ಇದೆ ಎಂದು ಒಪ್ಪಿಕೊಂಡಂತೆ. ಟೆಸ್ಟ್ ಮಾಡಿಸಿದ್ದಾರೆ ಎಂಬ ಸುದ್ದಿಯೇ ಸಾಕು, ಫಲಿತಾಂಶವನ್ನು ಜನ ತಾವೇ ಊಹಿಸಿಕೊಳ್ಳುತ್ತಾರೆ. ಹೀಗಾಗಿ ಇಂಥ ದಾಖಲೆಗೆ ವರದಿ ಇದ್ದರೂ ಇಲ್ಲದಿದ್ದರೂ ಒಂದೇ ರೀತಿ 404 ಎನ್ನುವಂತೆ ಮಾಡುತ್ತಾರೆ, ಪರೀಕ್ಷಕರು ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರಶಃ ಒಂದೇ ಆಗಿವೆಯೇ ಎಂದು ಹೋಲಿಸುತ್ತಾರೆ.

ಇನ್ನು ‘ತನ್ನ ವಾರ್ಡ್’, ‘ತನ್ನ ರೋಗಿ’ ಎಂಬ ಷರತ್ತುಗಳು. ಕೋಷ್ಟಕದ 19 ‘ಹೌದು’ಗಳಲ್ಲಿ 8ಕ್ಕೆ ಇಂಥ ಷರತ್ತು ಇದೆ. ಇವನ್ನು ಒಬ್ಬ ರೋಗಿಯನ್ನಿಟ್ಟುಕೊಂಡು ಪರೀಕ್ಷಿಸಲಾಗದು. ಹೆರಿಗೆ ವಾರ್ಡಿನ ನರ್ಸಿಗೆ ಹೆರಿಗೆ ವಾರ್ಡಿನ ರೋಗಿ ಕಾಣಬೇಕು, ಮೂಳೆ ವಾರ್ಡಿನ ರೋಗಿ ಕಾಣಬಾರದು ಎಂಬಲ್ಲಿಗೆ ಇಬ್ಬರು ರೋಗಿಗಳಾದರು. ನಿಜವಾಗಿ ತಪ್ಪು ಸಿಗುವುದು ಮೂರನೆಯವರಲ್ಲಿ: ನಿನ್ನೆ ಹೆರಿಗೆ ವಾರ್ಡಿನಲ್ಲಿದ್ದು ಇಂದು ಐಸಿಯುಗೆ ಹೋದವರು. ಪ್ರೋಗ್ರಾಂ ದಾಖಲಾದಾಗಿನ ವಾರ್ಡನ್ನು ನೋಡುತ್ತಿದ್ದರೆ ಹೆರಿಗೆ ವಾರ್ಡಿನ ನರ್ಸಿಗೆ ಕಡತ ಕಾಣುತ್ತಲೇ ಇರುತ್ತದೆ, ಅದಕ್ಕಿಂತ ಅಪಾಯ ಎಂದರೆ ಐಸಿಯು ನರ್ಸಿಗೆ ಕಾಣುವುದಿಲ್ಲ. ಡಿಸ್ಚಾರ್ಜ್ ಆದವರ ಕಡತ ವಾರ್ಡಿನ ನರ್ಸಿಗೆ ಎಷ್ಟು ಹೊತ್ತು ಕಾಣಬೇಕು ಎಂಬ ಪ್ರಶ್ನೆಯನ್ನು ಕೋಷ್ಟಕ ಬರೆಯುವಾಗ ಬಹುಪಾಲು ಯಾರೂ ಕೇಳಿರುವುದಿಲ್ಲ. ಪರೀಕ್ಷಕರು ಈ ರೋಗಿಗಳನ್ನು ಸೃಷ್ಟಿಸುವಾಗ ಅದು ಹೊರಬೀಳುತ್ತದೆ.

ಒಬ್ಬರಿಗೆ ಎರಡು ರೋಲ್ ಇದ್ದಾಗ ಇನ್ನೊಂದು ಬಗೆಯ ತೊಡಕು. ಟೆಕ್ನಿಷಿಯನ್ ಬರೆದ ಫಲಿತಾಂಶವನ್ನು ಪೆಥಾಲಜಿಸ್ಟ್ ನೋಡಿ ದೃಢೀಕರಿಸಿದ ಮೇಲೆಯೇ ವರದಿ ಹೊರಬೀಳಬೇಕು ಎಂಬುದು ಲ್ಯಾಬಿನ ನಿಯಮ. ರಜೆಯ ದಿನಗಳಿಗೆಂದು ಒಬ್ಬರಿಗೆ ಎರಡೂ ರೋಲ್ ಕೊಟ್ಟರೆ ತಾವು ಬರೆದದ್ದನ್ನು ತಾವೇ ದೃಢೀಕರಿಸಬಹುದು. ಕೋಷ್ಟಕದಲ್ಲಿ ಎರಡೂ ಮನೆಗಳು ಸರಿಯಾಗಿಯೇ ಇವೆ, ಸೇರಿಕೊಂಡಾಗ ತಪ್ಪಾಗುತ್ತದೆ. ಆದ್ದರಿಂದ ಒಟ್ಟಿಗೆ ಬರಬಾರದ ಜೋಡಿಗಳನ್ನು ಕೋಷ್ಟಕದ ಕೆಳಗೆ ಬೇರೆಯಾಗಿ ಬರೆದು, ಅಂಥ ಲಾಗಿನ್ ಒಂದನ್ನು ಬೇಕೆಂದೇ ಮಾಡಿ ಪರೀಕ್ಷಿಸಬೇಕು: ಅದು ಬೇರೆಯವರು ಬರೆದ ಫಲಿತಾಂಶವನ್ನು ದೃಢೀಕರಿಸಬೇಕು, ತಾನು ಬರೆದದ್ದಕ್ಕೆ ತಡೆಯಬೇಕು.

ಕಡತ ನೇರವಾಗಿ ತೆರೆಯದಿದ್ದರೂ ಅದರಲ್ಲಿನ ಮಾತು ಪಕ್ಕದ ದಾರಿಯಿಂದ ಹೊರಬರಬಹುದು. ಮೇಲಿನ ಕೋಷ್ಟಕದಲ್ಲಿ ಬಿಲ್ಲಿಂಗಿಗೂ ರಿಸೆಪ್ಷನ್ನಿಗೂ ಎಚ್‌ಐವಿ ವರದಿ ಇಲ್ಲ, ಆದರೆ ಬಿಲ್ ಇಬ್ಬರಿಗೂ ಕಾಣುತ್ತದೆ. ಬಿಲ್ಲಿನ ಸಾಲಿನಲ್ಲಿ ‘ಎಚ್‌ಐವಿ ಎಲೈಸಾ’ ಎಂದು ಟೆಸ್ಟಿನ ಹೆಸರು, ಮುಂದೆ ಮೊತ್ತ ಇದ್ದರೆ ವರದಿಯನ್ನು ಮುಚ್ಚಿಟ್ಟು ಏನು ಬಂತು? ಇದನ್ನು ಹಿಡಿಯಲು ಪರೀಕ್ಷಕರು ಕಾಲ್ಪನಿಕ ರೋಗಿಯ ಗುಟ್ಟಿನ ದಾಖಲೆಯಲ್ಲಿ ಬೇರೆಲ್ಲೂ ಬರದ ವಿಚಿತ್ರ ಪದವೊಂದನ್ನು ಇಡುತ್ತಾರೆ. ಆಮೇಲೆ ಅನುಮತಿ ಇಲ್ಲದ ಲಾಗಿನ್ನಿಂದ ಬಿಲ್, ಹುಡುಕುವ ಪಟ್ಟಿ, ಪಿಡಿಎಫ್, ಎಕ್ಸೆಲ್‌ಗೆ ಇಳಿಸಿದ ವರದಿ, ಎಸ್‌ಎಂಎಸ್ ಎಲ್ಲವನ್ನೂ ತೆಗೆದು ಆ ಪದ ಎಲ್ಲಾದರೂ ಕಂಡಿತೇ ಎಂದು ಹುಡುಕುತ್ತಾರೆ. ಟೆಸ್ಟಿನ ಹೆಸರಿಗೂ ಇದೇ ಉಪಾಯ. ಸೋರಿಕೆ ಸಿಕ್ಕರೆ ಬಿಲ್ಲಿನಲ್ಲಿ ‘ಲ್ಯಾಬ್ ಶುಲ್ಕ’ ಎಂದಷ್ಟೇ ಬರೆಯಬೇಕೇ ಎಂಬುದು ಮತ್ತೆ ಆಸ್ಪತ್ರೆಯ ತೀರ್ಮಾನ. ವಿಮೆಯವರು ವಿವರ ಕೇಳುತ್ತಾರೆ ಎಂಬ ಪ್ರತಿವಾದ ಕೂಡಲೇ ಬರುತ್ತದೆ, ಅದೂ ಸುಳ್ಳಲ್ಲ.

ತುರ್ತು ಸಂದರ್ಭಕ್ಕೆ ಬೇರೆಯೇ ನಿಯಮ. ಪ್ರಜ್ಞೆ ಇಲ್ಲದ ರೋಗಿ ಮಧ್ಯರಾತ್ರಿ ಬಂದಾಗ ಡ್ಯೂಟಿ ಡಾಕ್ಟರಿಗೆ ‘ನಿಮ್ಮ ರೋಗಿಯಲ್ಲ’ ಎನ್ನಲಾಗದು. ಹೀಗಾಗಿ ಕಾರಣ ಬರೆದು ಬೀಗ ಒಡೆಯುವ ಸೌಲಭ್ಯ ಇರುತ್ತದೆ. ಇದನ್ನು ಪರೀಕ್ಷಿಸುವಾಗ ತೆರೆಯುತ್ತದೆಯೇ ಎಂಬುದರ ಜೊತೆಗೆ, ಕಾರಣ ಖಾಲಿ ಬಿಟ್ಟರೆ ತೆರೆಯುವುದಿಲ್ಲವೇ, ಗೊತ್ತುಮಾಡಿದ ಅವಧಿಯ ನಂತರ ತಾನಾಗಿ ಮುಚ್ಚುತ್ತದೆಯೇ, ಯಾರು ಯಾವಾಗ ತೆರೆದರು ಎಂಬುದು ಲಾಗ್‌ನಲ್ಲಿ ಉಳಿಯುತ್ತದೆಯೇ ಎಂದು ನೋಡುತ್ತಾರೆ.

ಈ ಲಾಗ್ ಎಷ್ಟು ಗಟ್ಟಿಯಾಗಿರಬೇಕು ಎಂಬುದಕ್ಕೆ ಫಿನ್ಲೆಂಡಿನ ಪ್ರಕರಣವೊಂದು ಉದಾಹರಣೆ. ಸರ್ಕಾರಿ ಆಸ್ಪತ್ರೆಯೊಂದರ ಕಣ್ಣಿನ ವಿಭಾಗದಲ್ಲಿ ನರ್ಸ್ ಆಗಿದ್ದ ಮಹಿಳೆಯೊಬ್ಬರು ಎಚ್‌ಐವಿಗೆ ಅದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. 1990ರ ದಶಕದ ಆರಂಭದಲ್ಲಿ ಸಹೋದ್ಯೋಗಿಗಳಿಗೆ ತಮ್ಮ ಕಾಯಿಲೆ ಗೊತ್ತಾಗಿದೆ ಎಂಬ ಅನುಮಾನ ಅವರಿಗೆ ಬಂತು. ಕಡತವನ್ನು ಯಾರು ನೋಡಿದರು ಎಂದು ಕೇಳಿದರೆ ಉತ್ತರವಿರಲಿಲ್ಲ. ವ್ಯವಸ್ಥೆ ಕೊನೆಯ ಐದು ವೀಕ್ಷಣೆಗಳನ್ನು ಮಾತ್ರ ಇಟ್ಟುಕೊಳ್ಳುತ್ತಿತ್ತು, ಅದೂ ವ್ಯಕ್ತಿಯ ಹೆಸರಲ್ಲ, ವಿಭಾಗದ ಹೆಸರು. ಕಡತ ಉಗ್ರಾಣಕ್ಕೆ ಹೋದಾಗ ಅದೂ ಅಳಿಯುತ್ತಿತ್ತು. 2008ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆಕೆಯ ಪರವಾಗಿ ತೀರ್ಪು ಕೊಟ್ಟಿತು: ಯಾರೋ ನೋಡಿದ್ದನ್ನು ಆಕೆ ಸಾಬೀತುಪಡಿಸಬೇಕಾಗಿಲ್ಲ, ಚಿಕಿತ್ಸೆಗೆ ಸಂಬಂಧವಿಲ್ಲದವರು ನೋಡದಂತೆ ತಡೆಯುವ ವ್ಯವಸ್ಥೆಯನ್ನು ಆಸ್ಪತ್ರೆ ಇಟ್ಟಿರಬೇಕಿತ್ತು. ಇಂದು ಒಂದೊಂದು ಪರೀಕ್ಷೆಯ ಕೊನೆಗೂ ಲಾಗ್ ತೆರೆದು, ಒಪ್ಪಿದ ಕೋರಿಕೆಯೂ ತಡೆದ ಕೋರಿಕೆಯೂ ವ್ಯಕ್ತಿಯ ಲಾಗಿನ್ ಹೆಸರಿನೊಂದಿಗೆ ದಾಖಲಾಗಿದೆಯೇ ಎಂದು ನೋಡುವುದು ರೂಢಿ.

ಇಷ್ಟೆಲ್ಲ ಪಾಸಾದರೂ ಕೋಷ್ಟಕ ಹೇಳದ ಒಂದು ಸಂಗತಿ ಉಳಿಯುತ್ತದೆ. ‘ಡಾಕ್ಟರ್’ ರೋಲ್ ಏನು ಮಾಡಬಹುದು ಎಂದು ಅದು ಹೇಳುತ್ತದೆ, ಆ ರೋಲ್ ಯಾರ ಬಳಿ ಇದೆ ಎಂದು ಹೇಳುವುದಿಲ್ಲ. ಪೋರ್ಚುಗಲ್ಲಿನ ಬರೇರು ನಗರದ ಆಸ್ಪತ್ರೆಯಲ್ಲಿ 2018ರಲ್ಲಿ ತನಿಖೆ ನಡೆದಾಗ ವ್ಯವಸ್ಥೆಯಲ್ಲಿ ಡಾಕ್ಟರ್ ಎಂದು ಗುರುತಾದ 985 ಸಕ್ರಿಯ ಲಾಗಿನ್‌ಗಳು ಸಿಕ್ಕವು. ಆಸ್ಪತ್ರೆಯಲ್ಲಿದ್ದ ಡಾಕ್ಟರುಗಳು 296. ದತ್ತಾಂಶ ರಕ್ಷಣಾ ಪ್ರಾಧಿಕಾರ ನಾಲ್ಕು ಲಕ್ಷ ಯೂರೋ ದಂಡ ಹಾಕಿತು. ಇಂಥದ್ದನ್ನು ಕೋರಿಕೆ ಕಳಿಸಿ ಕಂಡುಹಿಡಿಯಲಾಗದು, ಆ 985 ಲಾಗಿನ್‌ಗಳೂ ರೋಲ್ ಪ್ರಕಾರ ಸರಿಯಾಗಿಯೇ ವರ್ತಿಸುತ್ತವೆ. ಪ್ರತಿ ರೋಲ್‌ನ ಲಾಗಿನ್ ಪಟ್ಟಿಯನ್ನು ಸಿಬ್ಬಂದಿ ವಿಭಾಗದ ಹಾಜರಿ ಪಟ್ಟಿಯ ಪಕ್ಕ ಇಟ್ಟು ಹೆಸರು ಹೆಸರಾಗಿ ತಾಳೆ ನೋಡಬೇಕು. ಹೀಗೆ ನೋಡಿದಾಗ ವರ್ಗವಾದವರು, ನಿವೃತ್ತರು, ಕೋರ್ಸ್ ಮುಗಿಸಿ ಹೋದ ಇಂಟರ್ನ್‌ಗಳು, ಸಾಫ್ಟ್‌ವೇರ್ ಕಂಪನಿಯವರು ಅಳವಡಿಕೆಯ ದಿನ ಮಾಡಿ ಮರೆತುಹೋದ ‘ಟೆಸ್ಟ್’ ಲಾಗಿನ್ ಎಲ್ಲ ಒಂದೊಂದಾಗಿ ಮೇಲೆ ಬರುತ್ತವೆ.

ರೋಲ್ ತೆಗೆದ ಕ್ಷಣ ಏನಾಗುತ್ತದೆ ಎಂಬುದೂ ನೋಡತಕ್ಕದ್ದೇ. ಲಾಗಿನ್ ಆದಾಗಲೇ ರೋಲನ್ನು ಟೋಕನ್ನಿನಲ್ಲಿ ಬರೆದು ಕೊಡುವ ವ್ಯವಸ್ಥೆಗಳಿವೆ. ಅಲ್ಲಿ ಅಡ್ಮಿನ್ ರೋಲ್ ಕಿತ್ತುಹಾಕಿದರೂ ಟೋಕನ್ನಿನ ಅವಧಿ ಮುಗಿಯುವವರೆಗೆ ಹಳೆಯ ಅಧಿಕಾರ ನಡೆಯುತ್ತದೆ. ನರ್ಸ್ ಆಗಿ ಲಾಗಿನ್ ಆಗಿ ಕೇಸ್ ಶೀಟ್ ತೆರೆದು, ಅತ್ತ ಅಡ್ಮಿನ್ ಕಡೆಯಿಂದ ರೋಲ್ ತೆಗೆಸಿ, ಇತ್ತ ಅದೇ ಪರದೆಯಲ್ಲಿ ಮುಂದಿನ ಪುಟ ಒತ್ತಿ ನೋಡಿದರೆ ತಿಳಿಯುತ್ತದೆ. ತಕ್ಷಣ ತಡೆಯಬೇಕೋ, ಕೆಲವು ನಿಮಿಷ ತಡವಾದರೆ ನಡೆದೀತೋ ಎಂಬುದು ಮೊದಲೇ ಕೋಷ್ಟಕದ ಜೊತೆ ಬರೆದಿರಬೇಕು.

ಇಷ್ಟು ಪರೀಕ್ಷೆಗಳನ್ನು ಪ್ರತಿ ಬಾರಿ ಕೈಯಿಂದ ಮಾಡಲಾಗದ ಕಾರಣ ಕೋಷ್ಟಕವನ್ನೇ ಕಂಪ್ಯೂಟರ್ ಓದುವ ಫೈಲಾಗಿ ಇಟ್ಟು, ಸಾಫ್ಟ್‌ವೇರಿನ ಪ್ರತಿ ಹೊಸ ಆವೃತ್ತಿಗೂ ಪೂರ್ತಿ ಮತ್ತೆ ಓಡಿಸುತ್ತಾರೆ. ಆಗ ಉಳಿಯುವ ದೊಡ್ಡ ಅಪಾಯ ಕೋಷ್ಟಕದಲ್ಲಿ ಸಾಲೇ ಇಲ್ಲದ ಹೊಸ ಪುಟ. ಲಸಿಕೆಯ ಪುಟವೊಂದನ್ನು ಸೇರಿಸಿ ಕೋಷ್ಟಕಕ್ಕೆ ಹೇಳದಿದ್ದರೆ ಹಳೆಯ ಪರೀಕ್ಷೆಗಳೆಲ್ಲ ಪಾಸಾಗುತ್ತವೆ, ಹೊಸ ಪುಟವನ್ನು ಯಾರೂ ಕೇಳಿರುವುದಿಲ್ಲ. ಅದಕ್ಕೆಂದೇ ಇನ್ನೊಂದು ಪರೀಕ್ಷೆಯನ್ನು ಸೇರಿಸುತ್ತಾರೆ. ಸರ್ವರ್ ಉತ್ತರಿಸುವ ಎಲ್ಲ ವಿಳಾಸಗಳ ಪಟ್ಟಿಯನ್ನು ಪ್ರೋಗ್ರಾಂನಿಂದಲೇ ತೆಗೆದು, ಕೋಷ್ಟಕದಲ್ಲಿ ಸಾಲು ಇಲ್ಲದ ಒಂದು ವಿಳಾಸ ಸಿಕ್ಕರೂ ಆ ಆವೃತ್ತಿಯನ್ನು ಆಸ್ಪತ್ರೆಗೆ ಕೊಡದಂತೆ ತಡೆಯುವುದು ಅದರ ಕೆಲಸ.